ಬೇಲಿಯಾಚೆಯ ಕುಕ್ರಿ, ಬೇಲಿಯೀಚೆಯ ಮಚ್ಚು

ಬಂಗಾರಪೇಟೆಯಿಂದ ಕೆ.ಜಿ.ಎಫ್. ಕಡೆಗೆ ಹೋಗುವ ದಾರಿಯ ಅಕ್ಕಪಕ್ಕದ ನಿವೇಶನಗಳನ್ನು ನೀವು ನೋಡಿರಬಹುದು. ಅಲ್ಲಿಯ ಬೇಲಿಯನ್ನು ಯಾರೂ ಕೂತು ನೆಟ್ಟದ್ದಲ್ಲ. ಮೊದಲು ಯಾರೋ ಕಳ್ಳಿ ಕಡ್ಡಿ ಚುಚ್ಚಿದ್ದರು, ಆಮೇಲೆ ಹಕ್ಕಿಗಳು ಲಂಟಾನದ ಹಣ್ಣು ತಿಂದು ಬೀಜ ಹಾಕಿದವು, ಕುರಿ ಮೇಕೆಗಳು ಸೀಮೆಜಾಲಿಯ ಕಾಯಿ ತಿಂದು ಹಿಕ್ಕೆಯಲ್ಲಿ ಬಿತ್ತಿಹೋದವು. ನಾಲ್ಕೈದು ಮಳೆಗಾಲ ಯಾರೂ ಕೈಯಿಡದಿದ್ದರೆ ಬೇಲಿ ಎರಡೂ ಕಡೆ ಮೈಚಾಚಿ, ಒಂದಾಳು ಮಲಗುವಷ್ಟು ಅಗಲ ಆಗಿಬಿಡುತ್ತದೆ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಗಣಿಯ ಪಾಳು ಜಾಗಗಳಲ್ಲೂ ಬೆಳೆದು ನಿಂತಿರುವುದು ಇದೇ ಪೊದೆ.

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವ ಸುಮಾರು ನೂರಡಿ ಉದ್ದದ ಬೇಲಿಯೂ ಹಾಗೇ ಆಗಿತ್ತು. ಪಕ್ಕದ ಮನೆಯವರು ಸೈನ್ಯದಿಂದ ನಿವೃತ್ತರಾದವರು, ಊರಿಗೆಲ್ಲ ಸುಬೇದಾರ್ರು. ಮಳೆ ಶುರುವಾಗುವ ಮೊದಲು ಇದನ್ನು ಸವರಿಬಿಡೋಣ ಅಂತ ಮಾತಾದಾಗ ಅವರು ಒಳಗಿನಿಂದ ಕುಕ್ರಿ ತಂದರು. ಡೆಹ್ರಾಡೂನಿನಲ್ಲಿ ಕೊಂಡದ್ದು, ಎಮ್ಮೆ ಕೊಂಬಿನ ಹಿಡಿ, ಚರ್ಮ ಹೊದಿಸಿದ ಒರೆ. ನನ್ನ ಹತ್ತಿರ ಇದ್ದದ್ದು ಉದ್ದನೆಯ ತೆಳು ಮಚ್ಚು, ಕಬ್ಬಿನ ಗದ್ದೆಯಲ್ಲೂ ತೋಟದಲ್ಲೂ ಬೀಸುವ ಜಾತಿಯದು.

“ಅಣ್ಣಾ, ಆ ತಗಡು ಇಟ್ಕೊಂಡು ಜಾಲಿ ಕಡಿತೀರಾ?” ಅಂದರು ಸುಬೇದಾರ್ರು.

“ಸುಬೇದಾರ್ರೇ, ಆ ಗಿಡ್ಡ ಕತ್ತೀಲಿ ಲಂಟಾನದೊಳಗೆ ಹೇಗೆ ಕೈ ಹಾಕ್ತೀರಾ?” ಅಂದೆ ನಾನು.

ಹೀಗೆ ಶುರುವಾದ ಹರಟೆ ಆ ಬೇಲಿ ಮುಗಿಯುವವರೆಗೂ ನಡೆಯಿತು. ಇಬ್ಬರ ಪ್ರಶ್ನೆಯೂ ಸರಿಯಾಗಿಯೇ ಇತ್ತು ಅನ್ನುವುದೇ ನಾನು ಇಲ್ಲಿ ಹೇಳಬೇಕೆಂದಿರುವ ಮಾತು. ಯಾವ ಕತ್ತಿ ಒಳ್ಳೆಯದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಎದುರಿಗಿರುವ ಕಡ್ಡಿ ಏಟಿಗೆ ಬಾಗಿ ತಪ್ಪಿಸಿಕೊಳ್ಳುತ್ತದೋ, ನಿಂತು ಏಟು ತಿನ್ನುತ್ತದೋ ಅಂತ ಮೊದಲು ಕೇಳಬೇಕು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನನ್ನ ಮಚ್ಚಿನ ಅಲಗು 18 ಇಂಚು ಉದ್ದ, ಬೆನ್ನಿನ ದಪ್ಪ 2 ಮಿಲಿಮೀಟರಿನ ಆಸುಪಾಸು, ತೂಕ ಅರ್ಧ ಕಿಲೋ. ಕುಕ್ರಿಯ ಅಲಗು 10 ಇಂಚಿಗೆ ಸ್ವಲ್ಪ ಮೇಲೆ, ಆದರೆ ಬೆನ್ನು 8 ಮಿಲಿಮೀಟರ್ ದಪ್ಪ, ತೂಕ ಅರ್ಧ ಕಿಲೋ ದಾಟುತ್ತದೆ. ಅಂದರೆ ಗಿಡ್ಡದ್ದೇ ಹೆಚ್ಚು ಭಾರ. ಆ ಭಾರವೂ ಹಿಡಿಯ ಹತ್ತಿರ ಇಲ್ಲ. ಅಲಗು ಮಧ್ಯದಲ್ಲಿ ಮುಂದಕ್ಕೆ ಬಗ್ಗಿ, ಬಾಗಿನ ಮುಂದೆ ಹೊಟ್ಟೆಯಂತೆ ಅಗಲವಾಗುತ್ತದಲ್ಲ, ತೂಕವೆಲ್ಲ ಅಲ್ಲಿ ಕೂತಿದೆ.

ಈಗ ಲಂಟಾನದ ಕಡ್ಡಿಯನ್ನು ನೆನೆಯಿರಿ. ಬೆರಳು ದಪ್ಪ, ಐದಾರು ಅಡಿ ಉದ್ದ, ಹಸಿ. ನಿಧಾನಕ್ಕೆ ಹೊಡೆದರೆ ಕತ್ತಿಯ ಜೊತೆಗೇ ಬಾಗಿ, ಏಟು ಹೋದ ಮೇಲೆ ವಾಪಸು ಬಂದು ಮುಖಕ್ಕೆ ಬಡಿಯುತ್ತದೆ. ಅದನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ತನ್ನದೇ ತೂಕದ ಜಡತ್ವವೊಂದೇ ಅದನ್ನು ಕ್ಷಣಮಾತ್ರ ನಿಲ್ಲಿಸುವುದು. ಆ ಕ್ಷಣ ಮುಗಿಯುವುದರೊಳಗೆ ಅಲಗು ದಾಟಿಹೋಗಿರಬೇಕು. ಅದಕ್ಕೆ ಬೇಕಾದದ್ದು ವೇಗ. ಉದ್ದನೆಯ ಹಗುರ ಮಚ್ಚನ್ನು ಮೊಣಕೈಯಿಂದ ಬೀಸಿ ಕೊನೆಯಲ್ಲಿ ಮಣಿಕಟ್ಟು ತಿರುಗಿಸಿದರೆ ತುದಿಯ ಕಡೆ ಆ ವೇಗ ಸಿಗುತ್ತದೆ, ಯಾಕೆಂದರೆ ತೋಳಿನಿಂದ ದೂರ ಇದ್ದಷ್ಟೂ ತುದಿ ಹೆಚ್ಚು ದಾರಿ ಓಡುತ್ತದೆ. ಅಲಗು ತೆಳು ಆದ್ದರಿಂದ ಕಡ್ಡಿಯನ್ನು ತಳ್ಳುವ ಬದಲು ಸೀಳಿ ಹೋಗುತ್ತದೆ.

ಸೀಮೆಜಾಲಿಯ ಬುಡ ಬೇರೆ ಲೆಕ್ಕ. ಮಣಿಕಟ್ಟಿನಷ್ಟು ದಪ್ಪವಾದ ಜಾಲಿ ಏಟಿಗೆ ಅಲ್ಲಾಡುವುದಿಲ್ಲ. ಅಲ್ಲಿ ತೆಳು ಮಚ್ಚು ಅರ್ಧ ಇಂಚು ಒಳಗೆ ಹೋಗಿ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡ ಮಚ್ಚನ್ನು ಪಕ್ಕಕ್ಕೆ ಅಲ್ಲಾಡಿಸಿ ಬಿಡಿಸಲು ಹೋದರೆ ಅಲಗು ಬಗ್ಗುತ್ತದೆ, ಬಾಯಿಯ ಅಂಚು ಮಡಚುತ್ತದೆ. ಕುಕ್ರಿಯ ದಪ್ಪ ಬೆನ್ನು ಆಪಿನಂತೆ ಕೆಲಸ ಮಾಡುತ್ತದೆ. ಒಳಗೆ ಹೋಗುತ್ತಲೇ ಮರವನ್ನು ಎರಡು ಕಡೆಗೆ ತಳ್ಳಿ ಚಕ್ಕೆ ಎಬ್ಬಿಸುತ್ತದೆ. ಬಾಗಿನಿಂದ ಇನ್ನೊಂದು ಉಪಯೋಗವೂ ಇದೆ. ತೋಳು ಬೀಸುವ ಹಾದಿಗೆ ಅಲಗಿನ ಬಾಯಿ ನೇರ ಅಡ್ಡಲಾಗಿ ಬೀಳದೆ ಓರೆಯಾಗಿ ಬೀಳುತ್ತದೆ. ಒತ್ತುವುದರ ಜೊತೆಗೆ ಎಳೆದು ಕೊಯ್ಯುವ ಕೆಲಸವೂ ತಾನಾಗಿ ಆಗುತ್ತದೆ. ಒಳಬಾಗಿನೊಳಗೆ ಸಿಕ್ಕ ರೆಂಬೆ ತುದಿಯ ಕಡೆ ಜಾರಿ ತಪ್ಪಿಸಿಕೊಳ್ಳುವುದೂ ಇಲ್ಲ.

ಈ ಬಾಗು ನೇಪಾಳದವರಿಗೆ ಮಾತ್ರ ಗೊತ್ತಿದ್ದ ಗುಟ್ಟಲ್ಲ. ಕೊಡಗಿನ ಒಡಿಕತ್ತಿಯನ್ನು ನೋಡಿ. ಅದೂ ಒಳಬಾಗಿನ ಅಗಲ ಅಲಗು, ತೂಕವೆಲ್ಲ ಮುಂದೆ. ಕೊಡವರು ಅದನ್ನು ಬೆನ್ನ ಹಿಂದೆ ತೊಡಂಗಿಗೆ ಸಿಕ್ಕಿಸಿಕೊಳ್ಳುತ್ತಾರೆ. ಮದುವೆಯಲ್ಲಿ ಬಾಳೆಯ ದಿಂಡನ್ನು ಒಂದೇ ಏಟಿಗೆ ಕಡಿಯುವ ಪದ್ಧತಿಗೂ ಅದೇ ಕತ್ತಿ. ಬಾಳೆದಿಂಡು ನೀರು ತುಂಬಿದ ಪದರಗಳ ಕಂಬ. ಗುದ್ದಿದರೆ ಜಜ್ಜಿಹೋಗುತ್ತದೆ, ಎಳೆದು ಕೊಯ್ದರೆ ಮಾತ್ರ ಅಚ್ಚುಕಟ್ಟಾಗಿ ತುಂಡಾಗುತ್ತದೆ. ಸುಬೇದಾರ್ರು ತಮ್ಮ ಪಲ್ಟನ್ನಿನ ಕೊಡಗಿನ ಗೆಳೆಯರ ಮನೆಯಲ್ಲಿ ಅದನ್ನು ಕಣ್ಣಾರೆ ಕಂಡವರು. “ಬಲ ಅಲ್ಲಣ್ಣಾ ಅದು, ಬಾಗು ಮಾಡೋ ಕೆಲಸ,” ಅಂತ ಅವರು ಹೇಳಿದ್ದು ಆ ಕತ್ತಿಗೂ ನಿಜ, ಈ ಕುಕ್ರಿಗೂ ನಿಜ.

ಕೆಲಸಕ್ಕೆ ಇಳಿಯುವ ಮೊದಲು ಎರಡು ಕತ್ತಿಗಳಲ್ಲೂ ಒಂದು ಜಾಗವನ್ನು ಹುಡುಕಿಟ್ಟುಕೊಂಡೆವು. ಪ್ರತಿ ಕತ್ತಿಗೂ ಅಲಗಿನ ಮೇಲೆ ಒಂದು ಜಾಗವಿರುತ್ತದೆ, ಅಲ್ಲಿ ಏಟು ಬಿದ್ದರೆ ಕೈಗೆ ಅದುರು ಬರುವುದಿಲ್ಲ. ಹಿಡಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಅಲಗಿನ ಬೆನ್ನನ್ನು ಒಂದು ಮರದ ತುಂಡಿಗೆ ಮೆಲ್ಲಗೆ ತಟ್ಟುತ್ತಾ ಹಿಡಿಯ ಕಡೆಯಿಂದ ತುದಿಯ ಕಡೆಗೆ ಹೋಗಬೇಕು. ಒಂದೊಂದು ಕಡೆ ಬೆರಳಿಗೆ ಝುಮ್ ಅನ್ನುತ್ತದೆ. ಒಂದು ಕಡೆ ಮಾತ್ರ ಏನೂ ಅನಿಸುವುದಿಲ್ಲ. ಅಲ್ಲಿಗೆ ಸೀಮೆಸುಣ್ಣದ ಗೆರೆ ಎಳೆದುಕೊಳ್ಳಿ. ಕುಕ್ರಿಯಲ್ಲಿ ಅದು ಬಾಗಿನ ಮುಂದಿನ ಹೊಟ್ಟೆಯಲ್ಲೇ ಬಂತು. ನನ್ನ ಮಚ್ಚಿನಲ್ಲಿ ತುದಿಯಿಂದ ಅಲಗಿನ ಮೂರನೆಯ ಒಂದು ಭಾಗ ಹಿಂದಕ್ಕೆ. ಜಾಲಿಯಂಥ ಗಟ್ಟಿ ಮರಕ್ಕೆ ಆ ಗೆರೆಯ ಮೇಲೇ ಏಟು ಬೀಳಬೇಕು. ದಿನದ ಕೊನೆಗೆ ಮಣಿಕಟ್ಟು, ಮೊಣಕೈ ನೋಯುತ್ತಿದ್ದರೆ ಏಟು ಗೆರೆಯಿಂದ ತಪ್ಪುತ್ತಿದೆ ಅಂತ ತಿಳಿಯಿರಿ.

ಹಿಡಿಯನ್ನೂ ಆಗಲೇ ಪರೀಕ್ಷಿಸಬೇಕು. ಕತ್ತಿಯನ್ನು ಹಿಡಿದು ಅಲಗಿನ ಬೆನ್ನಿಗೆ ಇನ್ನೊಂದು ಅಂಗೈಯಿಂದ ತಟ್ಟಿದರೆ ಗಟ್ಟಿ ಕೂತಿರುವ ಹಿಡಿ ಸದ್ದು ಮಾಡುವುದಿಲ್ಲ. ಟಿಕ್ ಅಂದರೆ ಒಳಗೆ ಸಡಿಲವಾಗಿದೆ ಅಂತ ಅರ್ಥ. ನಮ್ಮ ಕೋಲಾರದ ಬೇಸಿಗೆಯ ಒಣ ಹವೆಗೆ ಮರದ ಹಿಡಿ ಕುಗ್ಗುತ್ತದೆ. ಕುಕ್ರಿಯಲ್ಲಿ ಅಲಗಿನ ಬುಡವನ್ನು ಹಿಡಿಯೊಳಗೆ ಕೂರಿಸುವ ಅರಗಿನಂಥ ಅಂಟು ಒಣಗಿ ಬಿರುಕು ಬಿಡುತ್ತದೆ. ಟಿಕ್ ಅಂದ ಕತ್ತಿಯನ್ನು ಬೀಸಬಾರದು. ಬೀಸುವಾಗ ಹಿಡಿಯಿಂದ ಕಳಚಿ ಹಾರುವ ಅಲಗು ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಹೇಳಲಾರರು.

ನಾವು ಬೇಲಿಯನ್ನು ಹೀಗೆ ಹಂಚಿಕೊಂಡೆವು: ಮೊದಲು ಹುಲ್ಲು ಲಂಟಾನ, ಅದು ನನ್ನ ಮಚ್ಚಿಗೆ. ಅದು ಬಿದ್ದ ಮೇಲೆ ಜಾಲಿಯ ಬುಡ ಕಾಣುತ್ತದೆ, ಅದು ಕುಕ್ರಿಗೆ. ಈ ಕ್ರಮ ತಪ್ಪಬಾರದು. ಲಂಟಾನದ ಜಾಲದೊಳಗೆ ನಿಂತು ಕುಕ್ರಿ ಎತ್ತಿದರೆ ಮೇಲಿನ ಬಳ್ಳಿಗೋ ಪಕ್ಕದ ಕಡ್ಡಿಗೋ ತಾಗಿ ಏಟು ದಾರಿ ತಪ್ಪುತ್ತದೆ. ಬೀಸುವ ಮೊದಲು ಖಾಲಿ ಕೈಯನ್ನು ಅದೇ ಹಾದಿಯಲ್ಲಿ ಒಂದು ಸಲ ನಿಧಾನಕ್ಕೆ ಬೀಸಿ ನೋಡಿ; ಎಲ್ಲೂ ತಾಗಲಿಲ್ಲ ಅಂದರೆ ಮಾತ್ರ ಕತ್ತಿ ಎತ್ತಿ. ಪೊದೆಯ ಬುಡದಲ್ಲಿ ಹಾವಿರಬಹುದು, ಆದ್ದರಿಂದ ಉದ್ದ ಕೋಲಿನಿಂದ ಬಡಿದು ಸ್ವಲ್ಪ ಹೊತ್ತು ಬಿಟ್ಟೇ ಹತ್ತಿರ ಹೋಗುವುದು.

ಲಂಟಾನಕ್ಕೆ ಮಚ್ಚನ್ನು ಮೇಲಿನಿಂದ ಕೆಳಕ್ಕೆ ನೇರ ಹೊಡೆಯುವುದಲ್ಲ, ಓರೆಯಾಗಿ, ಕಡ್ಡಿಗೆ ಸುಮಾರು 45 ಡಿಗ್ರಿಯಲ್ಲಿ. ನೇರ ಅಡ್ಡ ಹೊಡೆದರೆ ನಾರುಗಳೆಲ್ಲ ಒಟ್ಟಿಗೆ ಎದುರು ನಿಲ್ಲುತ್ತವೆ. ಓರೆ ಹೊಡೆದರೆ ಒಂದರ ಮೇಲೊಂದು ಜಾರಿ ಬಿಟ್ಟುಕೊಡುತ್ತವೆ. ಕಡ್ಡಿಯ ತುದಿಯ ಕಡೆ ಹೊಡೆದರೆ ಬಾಗುತ್ತದೆ, ಬುಡದ ಹತ್ತಿರ ಹೊಡೆದರೆ ಬೇರು ಅದನ್ನು ಹಿಡಿದುಕೊಟ್ಟಿರುತ್ತದೆ. ಆದರೆ ತೀರ ನೆಲಕ್ಕೂ ಹೋಗಬಾರದು. ನಮ್ಮ ಕೆಂಪು ಮಣ್ಣಿನಲ್ಲಿ ಬೆಣಚುಕಲ್ಲಿನ ಚೂರು ಬೇಕಾದಷ್ಟಿದೆ, ಅದು ಕತ್ತಿಯ ಉಕ್ಕಿಗಿಂತ ಗಟ್ಟಿ. ಒಂದು ಏಟು ಕಲ್ಲಿಗೆ ಬಿದ್ದರೆ ಅರ್ಧ ದಿನದ ಮಸೆತ ಹೋಯಿತು. ನೆಲದಿಂದ ಒಂದು ಗೇಣಿನೊಳಗೆ, ನಾಲ್ಕು ಬೆರಳಿಗಿಂತ ಮೇಲೆ ಕಡಿಯುವುದು ಸರಿಯಾದ ಎತ್ತರ.

ಬೇಲಿಯ ಮಧ್ಯೆ ಕಳ್ಳಿಯ ಗುಂಪು ಬಂದಾಗ ನಾನು ಮಚ್ಚು ಕೆಳಗಿಟ್ಟೆ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು, ಕಣ್ಣಿನ ಪದರಕ್ಕೇ ಪೆಟ್ಟಾಗುತ್ತದೆ. ಬಿರುಸಾಗಿ ಬೀಸುವ ಅಲಗು ಆ ಹಾಲನ್ನು ನಾಲ್ಕು ಕಡೆ ಎರಚುತ್ತದೆ. ಅದಕ್ಕೆ ಮಚ್ಚೂ ಬೇಡ, ಕುಕ್ರಿಯೂ ಬೇಡ. ಕಣ್ಣಿಗೆ ಕನ್ನಡಕ ಹಾಕಿಕೊಂಡು ಕುಡುಗೋಲಿನಿಂದ ನಿಧಾನವಾಗಿ ಎಳೆದು ಕೊಯ್ಯಬೇಕು.

ಕಳ್ಳಿ ದಾಟಿದ ಮೇಲೆ ಜಾಲಿ. ಒಂದೇ ಬುಡದಿಂದ ಏಳೆಂಟು ಕವಲು, ಹೆಬ್ಬೆರಳು ದಪ್ಪದಿಂದ ಮಣಿಕಟ್ಟಿನ ದಪ್ಪದವರೆಗೆ, ಎಲ್ಲದರಲ್ಲೂ ಒಂದಿಂಚಿನ ಮುಳ್ಳು. ಸುಬೇದಾರ್ರು ಎಡಗೈಯಿಂದ ಕವಲನ್ನು ಬಗ್ಗಿಸಿ ಹಿಡಿಯಲು ಹೋದಾಗ ಅವರ ಮನೆಯ ಅಕ್ಕ ಒಳಗಿನಿಂದ ಬಂದರು. ವರ್ಷಗಟ್ಟಲೆ ಜಾಲಿಯ ಸೌದೆಯಲ್ಲೇ ಒಲೆ ಹಚ್ಚಿದವರು ಅವರು.

“ಕೈಲಿ ಹಿಡೀಬೇಡಿ. ಕವೆಕೋಲು ತಗೊಂಡು ಆಚೆ ತಳ್ಳಿ. ತಳ್ಳಿದಾಗ ನಿಮ್ಮ ಕಡೆ ತೊಗಟೆ ಬಿಗಿಯಾಗತ್ತಲ್ಲ, ಅಲ್ಲಿಗೆ ಹೊಡೀರಿ,” ಅಂದರು.

ಆ ಒಂದು ಮಾತಿನಲ್ಲಿ ಮೂರು ಕೆಲಸ ಇದೆ. ಕವೆಕೋಲು ಅಂದರೆ ತುದಿಯಲ್ಲಿ ಕವಲಿರುವ ನಾಲ್ಕಡಿ ಕೋಲು. ಅದರಿಂದ ಕವಲನ್ನು ಎದೆಯ ಎತ್ತರದಲ್ಲಿ ನಿಮ್ಮಿಂದ ಆಚೆಗೆ ತಳ್ಳಿ ಬಗ್ಗಿಸಿದರೆ ಮುಳ್ಳು ದೂರ ಹೋಗುತ್ತದೆ, ಎಡಗೈ ಅಲಗಿನ ಹಾದಿಯಿಂದ ದೂರ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಬುಡದಲ್ಲಿ ನಿಮ್ಮ ಕಡೆಯ ನಾರುಗಳು ಎಳೆದ ತಂತಿಯಂತೆ ಬಿಗಿದು ನಿಲ್ಲುತ್ತವೆ. ಬಿಗಿದ ನಾರನ್ನು ಕಡಿಯಲು ಅರ್ಧ ಬಲ ಸಾಕು. ಕಡಿದ ಬಾಯಿಯೂ ತಾನಾಗಿ ತೆರೆದುಕೊಳ್ಳುವುದರಿಂದ ಅಲಗು ಕಚ್ಚಿಕೊಳ್ಳುವುದಿಲ್ಲ. ಹೆಬ್ಬೆರಳು ದಪ್ಪದ ಕವಲು ಹೀಗೆ ಒಂದೇ ಏಟಿಗೆ ಬಿತ್ತು. ಒಂದು ಎಚ್ಚರಿಕೆ ಮಾತ್ರ ಬೇಕು: ಬಗ್ಗಿಸಿದ ಕವಲಿನ ಹಿಂದುಗಡೆ, ಅದು ಚಿಮ್ಮಿ ವಾಪಸು ಬರಬಹುದಾದ ದಾರಿಯಲ್ಲಿ, ಮುಖ ಇರಬಾರದು. ಒಂದು ಹೆಜ್ಜೆ ಪಕ್ಕಕ್ಕೆ ನಿಂತು ಕಡಿಯಬೇಕು.

ಮಣಿಕಟ್ಟಿನ ದಪ್ಪದ ಕವಲಿಗೆ ಬೇರೆ ರೀತಿ. ಮೊದಲ ಏಟು ಮೇಲಿನಿಂದ ಓರೆಯಾಗಿ. ಎರಡನೆಯದು ಅದರ ಕೆಳಗೆ, ಎದುರು ಓರೆಯಲ್ಲಿ, ಮೊದಲಿನ ಗಾಯವನ್ನು ಸೇರುವಂತೆ. ನಡುವಿನ ಚಕ್ಕೆ ಹಾರಿ ಬೀಳುತ್ತದೆ. ಎರಡು ಏಟಿನ ನಡುವಿನ ಅಂತರ ಕವಲಿನ ದಪ್ಪಕ್ಕಿಂತ ಕಡಿಮೆ ಇದ್ದರೆ ಗಾಯ ಕಿರಿದಾಗಿ, ಮಧ್ಯಕ್ಕೆ ಹೋಗುವಷ್ಟರಲ್ಲಿ ಅಲಗು ಸಿಕ್ಕಿಕೊಳ್ಳುತ್ತದೆ. ಇದೇ ಕವಲನ್ನು ನನ್ನ ಮಚ್ಚಿನಿಂದಲೂ ಹೊಡೆದು ನೋಡಿದೆ. ಬೀಳಲಿಲ್ಲ ಅಂತಲ್ಲ, ಕುಕ್ರಿಗೆ ಬೇಕಾದ ಏಟಿನ ಎರಡು ಪಟ್ಟಿಗಿಂತ ಹೆಚ್ಚು ಬೇಕಾಯಿತು, ಗಾಯದ ಮೇಲೆ ಚಕ್ಕೆ ಏಳದೆ ನಾರು ನಾರಾಗಿ ನಿಂತಿತು. ಹಾಗೆಯೇ ಸುಬೇದಾರ್ರು ಕುಕ್ರಿಯಿಂದ ಲಂಟಾನ ಸವರಿ ನೋಡಿದರು. ಮುಂದಕ್ಕೆ ಬಗ್ಗಿ ಬಗ್ಗಿ ಬೆನ್ನು ನೋವು, ಹತ್ತಿರ ಹೋಗಬೇಕಾದ್ದರಿಂದ ತೋಳಿಗೆಲ್ಲ ತರಚು, ಕಡ್ಡಿಗಳಲ್ಲಿ ಅರ್ಧಕ್ಕರ್ಧ ಬಾಗಿ ಉಳಿದವು.

ಜಾಲಿಯನ್ನು ಹಸಿಯಾಗಿದ್ದಾಗಲೇ ಕಡಿಯಬೇಕು. ಒಣಗಿದ ಜಾಲಿಯ ಕೆಂಚು ತಿರುಳು ಎಷ್ಟು ಗಟ್ಟಿಯೆಂದರೆ ಚೆನ್ನಾಗಿ ಮಸೆದ ತೆಳು ಬಾಯಿ ಅದಕ್ಕೆ ಚಕ್ಕೆ ಎದ್ದುಹೋಗುತ್ತದೆ. ಮತ್ತೆ ಮಣಿಕಟ್ಟಿಗಿಂತ ದಪ್ಪವಾದದ್ದಕ್ಕೆ, ಹಸಿಯಿರಲಿ ಒಣಗಿರಲಿ, ಗರಗಸ ತರುವುದೇ ಜಾಣತನ. ಆ ಬೇಲಿಯ ಮೂಲೆಯಲ್ಲಿ ತೋಳು ದಪ್ಪದ ಒಂದು ಜಾಲಿ ಇತ್ತು. ಕುಕ್ರಿಯಿಂದ ಅದನ್ನೂ ಉರುಳಿಸಬಹುದಿತ್ತು. ಆದರೆ ಆ ಹೊತ್ತಿಗೆ ತೋಳು ದಣಿದಿರುತ್ತದೆ, ದಣಿದ ತೋಳಿನ ಏಟು ಜಾರುತ್ತದೆ. ಬಿಲ್ಲಿನಂಥ ಗರಗಸದಲ್ಲಿ ಇಬ್ಬರೂ ಸೇರಿ ಕೊಯ್ದು ಮುಗಿಸಿದೆವು.

ಅಪಾಯ ಎರಡು ಕತ್ತಿಗಳಲ್ಲೂ ಇದೆ, ಆದರೆ ಬೇರೆ ಬೇರೆ ಜಾಗದಲ್ಲಿ ಕಾದಿದೆ. ಉದ್ದ ಮಚ್ಚಿನ ಅಪಾಯ ಏಟು ಆದ ಮೇಲೆ ಬರುತ್ತದೆ. ಬೆರಳು ದಪ್ಪದ ಕಡ್ಡಿಯನ್ನು ಕೊಯ್ದ ಮೇಲೂ ಅಲಗಿನಲ್ಲಿ ಬೇಕಾದಷ್ಟು ವೇಗ ಉಳಿದಿರುತ್ತದೆ. ಅದು ಮುಂದೆ ಹೋಗಿ ನಿಲ್ಲುವ ಜಾಗದಲ್ಲಿ ನಿಮ್ಮ ಮೊಣಕಾಲಿನ ಕೆಳಗಿನ ಮೂಳೆ ಇರಬಾರದು. ಬಲಗೈಯವರಾದರೆ ಎಡಗಾಲು ಹಿಂದಿಟ್ಟು, ಅಲಗು ಬಲಗಾಲಿನ ಹೊರಬದಿಗೆ ಹೋಗಿ ಮುಗಿಯುವ ಹಾಗೆ ನಿಲ್ಲಬೇಕು. ದೇಹಕ್ಕೆ ಅಡ್ಡಲಾಗಿ ಎಡಕ್ಕೆ ಬೀಸುವಾಗ ಇನ್ನೂ ಜೋಪಾನ. ಇನ್ನೊಬ್ಬರು ಹತ್ತಡಿಯೊಳಗೆ ಇರಕೂಡದು. ತೋಳು ಮತ್ತು ಅಲಗು ಸೇರಿದರೇ ನಾಲ್ಕಡಿ ಆಗುತ್ತದೆ, ಕೈ ಜಾರಿದರೆ ಅದಕ್ಕಿಂತ ದೂರ.

ಕುಕ್ರಿಯ ಅಪಾಯ ಏಟು ಬೀಳುವಾಗ ಇದೆ. ಭಾರ ಮುಂದೆ ಇರುವುದರಿಂದ ಒಮ್ಮೆ ಇಳಿಯಲು ಶುರುವಾದರೆ ಅರ್ಧದಲ್ಲಿ ತಡೆಯಲು ಮಣಿಕಟ್ಟಿಗೆ ಆಗುವುದಿಲ್ಲ. ಗಂಟಿಗೆ ತಾಗಿ ಓರೆಯಾಗಿ ಜಾರಿತು ಅಂದರೆ ಅಷ್ಟೂ ಭಾರದೊಂದಿಗೆ ಜಾರುತ್ತದೆ, ಅಲಗು ಗಿಡ್ಡವಾದ್ದರಿಂದ ಕಾಲು ಹತ್ತಿರದಲ್ಲೇ ಇರುತ್ತದೆ. ಆದ್ದರಿಂದ ಕೆಳಗೆ ಬಿದ್ದ ಕೊಂಬೆಯನ್ನು ತುಂಡು ಮಾಡುವಾಗ ನಿಂತು ಬಗ್ಗಿ ಹೊಡೆಯುವುದಕ್ಕಿಂತ ಮಂಡಿಯೂರಿ ಕೂತು, ಕೊಂಬೆಯ ಕೆಳಗೆ ದಪ್ಪ ಮರದ ತುಂಡಿಟ್ಟು ಹೊಡೆಯುವುದು ಕ್ಷೇಮ. ಏಟು ತಪ್ಪಿದರೂ ಮರಕ್ಕೋ ನೆಲಕ್ಕೋ ಬೀಳುತ್ತದೆ. ತುಂಡಿಲ್ಲದೆ ತೊಡೆಯ ಮೇಲೆ ಒರಗಿಸಿಕೊಂಡು ಕಡಿಯುವವರನ್ನು ನೋಡಿದ್ದೇನೆ, ಅದು ಯಾವ ಕತ್ತಿಗೂ ಸಲ್ಲದು.

ಒರೆಯ ವಿಷಯ ಸುಬೇದಾರ್ರು ಹೇಳಿದ್ದು, ನಮ್ಮ ಕಡೆಯವರಿಗೆ ಅಷ್ಟಾಗಿ ಗೊತ್ತಿಲ್ಲದ್ದು. ಕುಕ್ರಿಯ ಒರೆ ಎರಡು ಮರದ ಹಲಗೆ ಸೇರಿಸಿ ಚರ್ಮ ಸುತ್ತಿದ್ದು. ಹಲಗೆಗಳು ಕೂಡುವ ಸಂದು ಅಲಗಿನ ಬಾಯಿಯ ಕಡೆಯೇ ಬರುತ್ತದೆ. ಒರೆಯನ್ನು ಮುಷ್ಟಿಯಲ್ಲಿ ಸುತ್ತ ಹಿಡಿದು ಕುಕ್ರಿ ಎಳೆದರೆ, ಬಾಗಿನ ಹೊಟ್ಟೆ ಆ ಸಂದನ್ನು ಸೀಳಿ ಬೆರಳಿಗೇ ಬರಬಹುದು. ಒರೆಯನ್ನು ಬೆನ್ನಿನ ಕಡೆಯಿಂದ, ಬೆರಳುಗಳು ಬಾಯಿಯ ಕಡೆ ಸುತ್ತದಂತೆ ಹಿಡಿದು, ಅಲಗಿನ ಬೆನ್ನು ಒರೆಯ ಬೆನ್ನಿಗೆ ಒತ್ತಿಕೊಂಡೇ ಬರುವಂತೆ ನಿಧಾನವಾಗಿ ತೆಗೆಯಬೇಕು. ಸೇರಿಸುವಾಗಲೂ ಹಾಗೇ. ಮಚ್ಚಿಗೆ ಸಾಮಾನ್ಯವಾಗಿ ಒರೆಯೇ ಇರುವುದಿಲ್ಲ. ಹಳೆಯ ಸೈಕಲ್ ಟ್ಯೂಬನ್ನೋ ನೀರಿನ ಪೈಪನ್ನೋ ಉದ್ದಕ್ಕೆ ಸೀಳಿ ಬಾಯಿಗೆ ಹಾಕಿ ಹಗ್ಗ ಸುತ್ತಿದರೆ ಸಾಕು. ಕೆಲಸದ ಮಧ್ಯೆ ಕೆಳಗಿಡುವಾಗ ಹುಲ್ಲಿನ ಮೇಲೆ ಹಾಕದೆ ಮರದ ತುಂಡಿಗೆ ಕಚ್ಚಿಸಿ ನಿಲ್ಲಿಸಿ, ಅಥವಾ ಹಿಡಿಗೆ ಕೆಂಪು ಬಟ್ಟೆ ಕಟ್ಟಿ. ಹುಲ್ಲಿನಲ್ಲಿ ಮಲಗಿದ ಅಲಗಿನ ಮೇಲೆ ಕಾಲಿಡುವುದು ಮನೆಯ ಮಕ್ಕಳೇ.

ಮನೆಯಿಂದ ಹೊಲಕ್ಕೆ ಒಯ್ಯುವಾಗಲೂ ಎರಡಕ್ಕೂ ವ್ಯತ್ಯಾಸವಿದೆ. ಶಸ್ತ್ರಾಸ್ತ್ರ ಕಾಯ್ದೆ 1959ರದ್ದು. ಅದರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ಪಟ್ಟಿಯಿದೆ, ಮನೆಗೆಲಸ ಬೇಸಾಯಗಳಿಗೆಂದೇ ಮಾಡಿದವನ್ನು ಅದರಿಂದ ಬಿಟ್ಟಿದ್ದಾರೆ. ಕುಕ್ರಿಯ ಹೆಸರು ಆ ಪಟ್ಟಿಯಲ್ಲಿ ಬಂದಿದೆ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಸೊಂಟಕ್ಕೆ ಕುಕ್ರಿ ಸಿಕ್ಕಿಸಿಕೊಂಡು ಹೋಗುವುದು ಬೇಡ. ಮಚ್ಚನ್ನೂ ಗೋಣಿಯಲ್ಲಿ ಸುತ್ತಿ, ಗುದ್ದಲಿ ಹಗ್ಗಗಳ ಜೊತೆ ಕಟ್ಟಿ ಒಯ್ಯುವುದು ಎಲ್ಲರ ಮನಸ್ಸಿಗೂ ನೆಮ್ಮದಿ.

ಬಾಯಿ ಕಟ್ಟುವ ವಿಷಯಕ್ಕೆ ಬಂದಾಗ ನಮ್ಮಿಬ್ಬರ ಹರಟೆ ಉದ್ದವಾಯಿತು. ಮೊಂಡು ಕತ್ತಿಯೇ ಹೆಚ್ಚು ಅಪಾಯದ್ದು, ಯಾಕೆಂದರೆ ಅದು ಕಚ್ಚದೆ ಜಾರುತ್ತದೆ. ಹುಲ್ಲು ಲಂಟಾನಕ್ಕೆ ಬಾಯಿಯ ಎರಡೂ ಮಗ್ಗುಲು ಸೇರಿ ಸುಮಾರು 30 ಡಿಗ್ರಿ ಕೋನ ಇರಲಿ, ಜಾಲಿಗೆ 40 ಅಥವಾ ಸ್ವಲ್ಪ ಹೆಚ್ಚು. ಜಾಲಿಗೆ ತೀರ ತೆಳು ಬಾಯಿ ಮಾಡಿದರೆ ಅಂಚು ಮಡಚುತ್ತದೆ. ಬಿಸಿಲಿಗೆ ಹಿಡಿದು ನೋಡಿದರೆ ಮಡಚಿದ ಜಾಗ ಬಿಳಿಯ ಗೆರೆಯಾಗಿ ಹೊಳೆಯುತ್ತದೆ. ಹರಿತವಾದ ಬಾಯಿ ಹೊಳೆಯುವುದಿಲ್ಲ, ಅದರಲ್ಲಿ ಬೆಳಕು ನಿಲ್ಲುವಷ್ಟು ಅಗಲವೇ ಇರುವುದಿಲ್ಲ.

ಮಚ್ಚಿಗೆ ಎಂಟಿಂಚಿನ ಚಪ್ಪಟೆ ಅರ ಸಾಕು. ಕತ್ತಿಯನ್ನು ಹಲಗೆಗೆ ಬಿಗಿದು, ಅರವನ್ನು ಹಿಡಿಯಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ತಳ್ಳಬೇಕು. ಕುಕ್ರಿಗೆ ಅದು ನಡೆಯುವುದಿಲ್ಲ. ಒಳಬಾಗಿಗೆ ಚಪ್ಪಟೆ ಅರ ಇಟ್ಟರೆ ಎರಡು ತುದಿ ತೇಯುತ್ತದೆ, ಮಧ್ಯ ಮೊಂಡಾಗಿಯೇ ಉಳಿಯುತ್ತದೆ. ಅಲ್ಲಿಗೆ ದುಂಡನೆಯ ಅರ ಬೇಕು, ಇಲ್ಲವೇ ದುಂಡು ಕೋಲಿಗೆ ಉಪ್ಪುಕಾಗದ ಸುತ್ತಿ ಉಜ್ಜಬೇಕು. ಹೊಟ್ಟೆಯ ಕಡೆಗೆ ಬಂದಾಗ ಸಾಣೆಕಲ್ಲು ಹಿಡಿದು ಬಾಗಿನ ಜೊತೆಗೇ ಕೈ ತಿರುಗಿಸುತ್ತಾ ಹೋಗುವುದು. ಬೇಗ ಆಗಲಿ ಅಂತ ಕರೆಂಟಿನ ಸಾಣೆಗೆ ಕೊಟ್ಟು, ಬಾಯಿ ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಆ ಜಾಗದ ಹದ ಹೋಯಿತು. ಆಮೇಲೆ ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲುವುದಿಲ್ಲ.

ಹದ ಅಂದಾಗ ಕುಲುಮೆಯ ಮಾತೂ ಬಂತು. ನಮ್ಮ ಕಡೆ ಕಮ್ಮಾರರು ಒಳ್ಳೆಯ ಮಚ್ಚಿಗೆ ಲಾರಿಯ ಕಮಾನು ಪಟ್ಟಿಯನ್ನು ಆರಿಸುತ್ತಾರೆ. ನೇಪಾಳದಲ್ಲೂ ಕುಕ್ರಿಗೆ ಬಹಳ ಕಡೆ ಅದೇ ಉಕ್ಕು. ಅಲ್ಲಿಯ ಹಳೆಯ ಪದ್ಧತಿಯಲ್ಲಿ ಕಾಯಿಸಿದ ಅಲಗನ್ನು ಪೂರ್ತಿ ಮುಳುಗಿಸದೆ, ಕೆಟಲಿನಿಂದ ಬಾಯಿಯ ಮೇಲೆ ಮಾತ್ರ ನೀರು ಹುಯ್ಯುತ್ತಾರೆ. ಬಾಯಿ ಗಟ್ಟಿಯಾಗುತ್ತದೆ, ಬೆನ್ನು ಏಟು ತಡೆಯುವಷ್ಟು ಮೆತ್ತಗೆ ಉಳಿಯುತ್ತದೆ. ಕೊಳ್ಳುವಾಗ ಹದ ನೋಡಲು ಒಂದು ಅರ ಜೇಬಿನಲ್ಲಿರಲಿ. ಬಾಯಿಯ ಮೇಲೆ ಅರ ಗಾಜಿನ ಮೇಲೆ ಹೋದಂತೆ ಜಾರಿದರೆ ತೀರ ಗಟ್ಟಿ, ಜಾಲಿಗೆ ಚಕ್ಕೆ ಏಳುತ್ತದೆ. ಬೆಣ್ಣೆಯಂತೆ ತೇಯ್ದರೆ ತೀರ ಮೆತ್ತಗೆ, ಮಡಚುತ್ತದೆ. ಕಷ್ಟಪಟ್ಟು ಕಚ್ಚಿ ಸಣ್ಣ ಪುಡಿ ಕೊಟ್ಟರೆ ಅದು ಹೊಲಕ್ಕೆ ಸರಿಯಾದ ಹದ.

ಬೇಲಿ ಬಿದ್ದ ಮೇಲೆ ನಿಜವಾದ ಕೆಲಸ ನೆಲದಲ್ಲಿ ಉಳಿಯಿತು. ಓರೆಯಾಗಿ ಕಡಿದ ಜಾಲಿಯ ಮೋಟುಗಳು ಚಪ್ಪಲಿ ತೂರುವಷ್ಟು ಚೂಪಾಗಿ ನಿಂತಿರುತ್ತವೆ. ಅವನ್ನು ಹಾಗೇ ಬಿಟ್ಟರೆ ಇನ್ನೊಂದು ತೊಂದರೆಯೂ ಇದೆ: ಒಂದು ಕವಲಿದ್ದ ಕಡೆ ಐದು ಚಿಗುರುತ್ತವೆ. ಕತ್ತಿಯಿಂದ ಪೊದೆ ಸವರಬಹುದು, ಕೊಲ್ಲಲಾಗದು. ಜಾಲಿಯ ಚಿಗುರೊಡೆಯುವ ಮೊಗ್ಗುಗಳು ನೆಲದ ಮಟ್ಟಕ್ಕಿಂತ ಕೆಳಗೂ ಇರುವುದರಿಂದ ಬೇರನ್ನು ಒಂದು ಗೇಣು ಕೆಳಗೆ ಪಿಕಾಸಿಯಿಂದ ಕಡಿದು ಕಿತ್ತರೆ ಮಾತ್ರ ಅದು ಹೋಗುತ್ತದೆ. ಲಂಟಾನಕ್ಕೆ ಅಷ್ಟು ಆಳ ಬೇಡ, ಮೂರು ನಾಲ್ಕು ಬೆರಳು ಕೆಳಗೆ ತಾಯಿಬೇರು ಕಡಿದು, ಮತ್ತೆ ಬೇರೂರದಂತೆ ಬುಡಮೇಲು ಮಾಡಿ ಒಣಗಿಸಿದರೆ ಸಾಕು. ಕವಲಿನಲ್ಲಿ ಒಂದು ಗೇಣಿನಷ್ಟು ಮೋಟು ಉಳಿಸಿದ್ದರೆ ಎಳೆಯಲು ಹಿಡಿಯಾದೀತು. ಹತ್ತಿರ ಹಳೆಯ ಗಣಿಯ ಜಾಗವಿದ್ದರೆ ಮಾತ್ರ ಅಪ್ಪಣೆಯಿಲ್ಲದೆ ಒಳಗೆ ಹೋಗಿ ಸವರುವುದಾಗಲಿ ಅಗೆಯುವುದಾಗಲಿ ಬೇಡ. ಪೊದೆಯ ಕೆಳಗೆ ನೆಲ ಗಟ್ಟಿಯಿದೆಯೋ ಕುಸಿದಿದೆಯೋ ಮೇಲಿನಿಂದ ತಿಳಿಯುವುದಿಲ್ಲ.

ಎಲ್ಲ ಮುಗಿದ ಮೇಲೆ ಸುಬೇದಾರ್ರು ಕೇಳಿದರು: “ಅಣ್ಣಾ, ಒಂದೇ ಕತ್ತಿ ತಗೊಳ್ಳೋಕೆ ದುಡ್ಡಿರೋನಿಗೆ ಯಾವುದು ಹೇಳ್ತೀರಾ?”

ನಮ್ಮ ಈ ಬೇಲಿಗಳಿಗಾದರೆ ನಾನು ಉದ್ದ ಮಚ್ಚನ್ನೇ ಹೇಳುತ್ತೇನೆ. ಇಲ್ಲಿಯ ಪೊದೆಯಲ್ಲಿ ಮುಕ್ಕಾಲು ಪಾಲು ಬೆರಳು ದಪ್ಪದ್ದು, ಎಲ್ಲಕ್ಕೂ ಮುಳ್ಳು, ಮುಳ್ಳಿನಿಂದ ದೂರ ನಿಲ್ಲುವುದೇ ಮೊದಲ ರಕ್ಷಣೆ. ಮಚ್ಚಿಗೆ ಆಗದ ದಪ್ಪದ್ದಕ್ಕೆ ಕಡಿಮೆ ಬೆಲೆಯ ಗರಗಸ ಆ ಕೊರತೆ ತುಂಬುತ್ತದೆ; ಕುಕ್ರಿಗೆ ಇಲ್ಲದ ಉದ್ದವನ್ನು ಮಾತ್ರ ಇನ್ನೇನೂ ತುಂಬಲಾರದು. ವರ್ಷವಿಡೀ ಜಾಲಿಯ ಸೌದೆ ಒಡೆಯುವ ಮನೆಗೆ, ತೆಂಗಿನಕಾಯಿ ಕೆತ್ತುವವರಿಗೆ, ಬೇಲಿಗೆ ಗೂಟ ಚೂಪು ಮಾಡುವವರಿಗೆ ಬಾಗಿದ ಭಾರದ ಕತ್ತಿಯೇ ಸರಿ. ಅದು ನೇಪಾಳದ್ದೇ ಆಗಬೇಕಿಲ್ಲ. ತುದಿ ಮುಂದಕ್ಕೆ ಬಗ್ಗಿದ ದಪ್ಪ ಬೆನ್ನಿನ ಮಚ್ಚನ್ನು ನಮ್ಮ ಕುಲುಮೆಯಲ್ಲೇ ಬಡಿಸಬಹುದು, ಹಿಡಿ ನಿಮ್ಮ ಮುಷ್ಟಿಯ ಅಳತೆಗೇ ಬರುತ್ತದೆ.

ಸುಬೇದಾರ್ರು ಒಪ್ಪಿದರು, ಆದರೆ ಅಕ್ಕ ಇನ್ನೊಂದು ಮಾತು ಸೇರಿಸಿದರು: “ಯಾವ ಕತ್ತಿನಾದ್ರೂ ತಗೊಳ್ಳಿ, ಮೊದಲು ಕವೆಕೋಲು ಕಡಿದಿಟ್ಕೊಳ್ಳಿ. ಮಳೆ ಬಿದ್ದು ಮೂರು ವಾರಕ್ಕೆ ಬೇಲಿ ಉದ್ದಕ್ಕೂ ಒಂದು ಸಲ ನಡೀರಿ. ಚಿಗುರು ಎಳೇದಿದ್ದಾಗ ಕೈಯಲ್ಲೇ ಕಿತ್ತು ಬರತ್ತೆ, ಆಗ ಎರಡು ಕತ್ತೀನೂ ಬೇಡ.”